ಹೊರಗಿನವರ ಪಾಲಿನ ಒಂದು ಜಾಗ

ಆ ಹದಿನೈದು ದಿನ ಮಹಾದೇವಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಸಿಕದ ಅಂಬಡದಲ್ಲಿ ಮೋಟಾರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನು ಹಳೆಯ ಹೆಲ್ಪರ್. ಅಲ್ಲಿಯೇ ಒಂದು ಜಾಗ ಖಾಲಿಯಾಗಿತ್ತು. ಐಟಿಐ ಮುಗಿಸಿದ ಮಗಳು ಸುಮನ ತಂತಿ ಸುತ್ತುವ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳು. ಆದರೆ ನೇಮಕದ ಕಾಗದ ಬರಲಿಲ್ಲ.

ಪರ್ಸೊನೆಲ್ ಆಫೀಸರ್ ಮಧುಕರ ಸಾಹೇಬರು ಅವನನ್ನು ಕರೆದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಕಂಪನಿ ಸರ್ಕಾರದಿಂದ ಮಾರಾಟ ತೆರಿಗೆಯ ರಿಯಾಯಿತಿ ಪಡೆದಿದೆ. ಅದಕ್ಕೊಂದು ಷರತ್ತು: ನೂರು ಕೆಲಸಗಾರರಲ್ಲಿ ಎಂಬತ್ತು ಮಂದಿ ಸ್ಥಳೀಯರಿರಬೇಕು. ಸ್ಥಳೀಯರೆಂದರೆ ಈ ರಾಜ್ಯದಲ್ಲಿ ಹದಿನೈದು ವರ್ಷ ವಾಸವಿದ್ದವರು, ಮರಾಠಿ ಬಲ್ಲವರು. ಸುಮನ ಏಳು ವರ್ಷದವಳಿದ್ದಾಗ ತಾಯಿಯ ಜೊತೆ ಇಂಡಿ ತಾಲೂಕಿನಿಂದ ಬಂದವಳು, ಹನ್ನೆರಡೇ ವರ್ಷವಾಗಿದೆ. ಹೊರಗಿನವರ ಇಪ್ಪತ್ತು ಜಾಗ ಭರ್ತಿಯಾಗಿವೆ.

"ಅದರಲ್ಲಿ ಒಂದು ನಿಮ್ಮದೇ, ಮಹಾದೇವ," ಎಂದರು ಸಾಹೇಬರು. "ನೀವು ಬಂದು ಎಷ್ಟು ವರ್ಷವಾಯಿತು?"

ಪೈಠಣದ ಹತ್ತಿರ ಅಣೆಕಟ್ಟು ಕಟ್ಟುವಾಗ ಕಲ್ಲು ಹೊರಲು ಬಂದವನು ಅವನು. ಆಮೇಲೆ ಸಾತಪುರ, ಆಮೇಲೆ ಅಂಬಡ. ಹದಿನೆಂಟು ವರ್ಷದ ಪಿಎಫ್ ಚೀಟಿಗಳು ಮನೆಯ ಟ್ರಂಕಿನಲ್ಲಿದ್ದವು.

"ಹಾಗಿದ್ದರೆ ಡೊಮಿಸೈಲ್ ಸರ್ಟಿಫಿಕೇಟ್, ಅಂದರೆ ಇಲ್ಲಿನ ಕಾಯಂ ವಾಸದ ಪತ್ರ, ತನ್ನಿ. ನೀವು ಸ್ಥಳೀಯರ ಲೆಕ್ಕಕ್ಕೆ ಹೋದರೆ ಹೊರಗಿನವರ ಪಾಲಿನಲ್ಲಿ ಒಂದು ಜಾಗ ತೆರವಾಗುತ್ತದೆ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಎರಡನೆಯ ನಂಬರಿನವನನ್ನು ತೆಗೆದುಕೊಳ್ಳಲೇಬೇಕು."

ಸುಲಭದ ಮಾತಲ್ಲ. ತಹಸೀಲ್ದಾರ್ ಕಚೇರಿಗೆ ನಾಸಿಕದ ರೇಷನ್ ಕಾರ್ಡು ಬೇಕಿತ್ತು. ಮಹಾದೇವಪ್ಪನ ಸಂಸಾರದ ಹೆಸರೆಲ್ಲ ಇನ್ನೂ ಊರಿನಲ್ಲಿ ಅಣ್ಣ ಚಂದ್ರಾಮಪ್ಪನ ಕಾರ್ಡಿನಲ್ಲಿತ್ತು. ಅಲ್ಲಿ ಹೆಸರು ತೆಗೆಸದೆ ಇಲ್ಲಿ ಹೊಸ ಕಾರ್ಡು ಸಿಗದು. ಕಾಳಸಂತೆಯ ಸೀಮೆಎಣ್ಣೆ ಕೊಂಡು ಸಾಕಾಗಿದ್ದ ಹೆಂಡತಿ ಗುಂಡವ್ವ ಇದನ್ನು ಎಂದೋ ಹೇಳಿದ್ದಳು. ಆಗೆಲ್ಲ ಅವನು, "ಹೆಸರ ತಗಿಸಿದ್ರ ಊರ ನಮ್ದು ಅಂತ ಹೆಂಗ ಅನ್ನೂದು?" ಎಂದು ಸಿಡುಕಿ ಅವಳ ಬಾಯಿ ಮುಚ್ಚಿಸುತ್ತಿದ್ದ. ಈ ಸಲ ಅವಳು ಬಾಯಿ ಮುಚ್ಚಲಿಲ್ಲ.

"ಆ ಊರಾಗ ನಿಮ್ಮ ಪಾಲಿಗೆ ಏನದರಿ? ಅರ್ಧ ಗ್ವಾಡಿ. ಇಲ್ಲಿ ಮಗಳದು ಇಡೀ ಜೀವನ ಅದ."

ಅವನು ರಾತ್ರಿ ಬಸ್ಸು ಹಿಡಿದ. ದಾರಿಯುದ್ದಕ್ಕೂ ಅಣ್ಣನ ಜೊತೆ ಮನಸ್ಸಿನಲ್ಲೇ ಜಗಳವಾಡಿದ. ಅಣ್ಣ ಬೈಯುತ್ತಾನೆ, ಅತ್ತಿಗೆ ಅಳುತ್ತಾಳೆ, ಕೊನೆಗೂ ನಮ್ಮನ್ನು ಬಿಟ್ಟೆಯಾ ಅನ್ನುತ್ತಾರೆ ಎಂದುಕೊಂಡಿದ್ದ. ಚಂದ್ರಾಮಪ್ಪ ಚಹಾ ಕುಡಿಯುತ್ತಲೇ ಕೇಳಿಸಿಕೊಂಡ.

"ತಗಸು. ನೀವೇನ ಬರಾಂಗಿಲ್ಲಲ್ಲ," ಎಂದ.

ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. ಹೆಸರು ತೆಗೆದ ದಾಖಲೆ ಹಿಡಿದು ತಿರುಗಿ ಬರುವಾಗ ಮಹಾದೇವಪ್ಪನಿಗೆ ಅಣ್ಣನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ನಾಸಿಕದಲ್ಲಿ ರೇಷನ್ ಕಚೇರಿಗೆ ಓಡಾಡಿದ, ಸ್ಟಾಂಪ್ ಪೇಪರಿನ ಮೇಲೆ ಇನ್ನು ಮುಂದೆ ಮಹಾರಾಷ್ಟ್ರದಲ್ಲೇ ಕಾಯಂ ವಾಸ ಮಾಡುತ್ತೇನೆಂದು ಪ್ರಮಾಣ ಮಾಡಿದ. ಬರೆದದ್ದನ್ನು ಗುಮಾಸ್ತ ಓದಿ ಹೇಳಿದಾಗ ಇನ್ನೊಮ್ಮೆ ಓದಿಸಿದ. ಆಮೇಲೆ ಹೆಬ್ಬೆಟ್ಟು ಒತ್ತಿದ.

ಗಡುವು ಮುಗಿಯುವ ದಿನ ತಂದೆ ಮಗಳು ಇಬ್ಬರೂ ಸಾಹೇಬರ ಮುಂದೆ ನಿಂತರು. ಸಾಹೇಬರು ಸರ್ಟಿಫಿಕೇಟ್ ನೋಡಿ, ನಿಯಮಕ್ಕಾಗಿ ಅವನೊಂದಿಗೆ ನಾಲ್ಕು ಮಾತು ಮರಾಠಿಯಲ್ಲಿ ಆಡಿದರು. ಅವನ ಮರಾಠಿ ಗಾರೆ ಕೆಲಸದ ಮರಾಠಿ. ಅರ್ಧ ಹಿಂದಿ, ಅರ್ಧ ಇಂಡಿಯ ಕನ್ನಡ. ಸಾಕು ಎಂದು ತಲೆಯಾಡಿಸಿದರು. ಆಮೇಲೆ ಸುಮನಳ ಮುಂದೆ ಕಾಗದವಿಟ್ಟರು. ಅವಳ ಹೆಸರಿನ ಎದುರು 'ಪರಪ್ರಾಂತೀಯ' ಎಂದಿತ್ತು.

ಅವಳ ಪೆನ್ನು ನಿಂತಿತು. "ಸಾಹೇಬ, ನಾನು ಇಲ್ಲಿನ ಮುನಿಸಿಪಾಲಿಟಿ ಶಾಲೆಯಲ್ಲಿ ಮರಾಠಿಯಲ್ಲೇ ಓದಿದವಳು. ನಮ್ಮಪ್ಪನ ಅರ್ಜಿ ಬರೆದುಕೊಟ್ಟವಳೂ ನಾನೇ. ಅವರು ಸ್ಥಳೀಯರು, ನಾನು ಹೊರಗಿನವಳೇ?" ಎಂದು ಅಚ್ಚ ಮರಾಠಿಯಲ್ಲಿ ಕೇಳಿದಳು.

"ಮೂರು ವರ್ಷ ಕಳೆದ ಮೇಲೆ ಬದಲಾಯಿಸೋಣ. ಇವತ್ತು ಇಷ್ಟೇ ಸಾಧ್ಯ," ಎಂದರು ಸಾಹೇಬರು, ಮುಖ ತಗ್ಗಿಸಿ.

ಅವಳು ಪೆನ್ನು ಕೆಳಗಿಟ್ಟಳು. ಹಟಮಾರಿ, ತಂದೆಯಂತೆಯೇ. ಮಹಾದೇವಪ್ಪ ಅವಳ ಹತ್ತಿರ ಬಾಗಿ, ಸಾಹೇಬರಿಗೆ ತಿಳಿಯದ ಕನ್ನಡದಲ್ಲಿ ಹೇಳಿದ:

"ನಾ ಹುಟ್ಟಿದ ಊರ ಬಿಟ್ಟ ಬಂದೀನವ್ವಾ, ನಿನ್ನ ಸಲುವಾಗಿ. ನೀ ಒಂದು ಶಬ್ದ ತಡಕೊಳ್ಳಾಕ ಆಗೂದಿಲ್ಲೇನ?"

ಸುಮನ ಅಪ್ಪನ ಮುಖ ನೋಡಿದಳು. ಅವನು ಊರಿಗೆ ಹೋಗಿ ಬಂದದ್ದು ಅವಳಿಗೆ ಗೊತ್ತಿತ್ತು. ಅಲ್ಲಿ ಏನನ್ನು ಬಿಟ್ಟು ಬಂದ ಎಂಬುದು ಈಗ ಗೊತ್ತಾಯಿತು. ಪೆನ್ನು ಎತ್ತಿಕೊಂಡು ಆ ಶಬ್ದದ ಕೆಳಗೆ ಸಹಿ ಮಾಡಿದಳು.