ಎಬ್ಬಿಸೋ ಸಿಸ್ಟರ್

ಬಾಗಿಲ ಕರೆಗಂಟೆಯ ವೈರು ಕಿತ್ತು ಹಾಕಲು ಸ್ಟೂಲಿನ ಮೇಲೆ ಹತ್ತಿದ್ದೆ. ಒಳಗೆ ಐದು ದಿನದ ಮೊಮ್ಮಗ ಮಲಗಿದ್ದ, ಅವನ ನಿದ್ದೆಗೆ ಭಂಗ ಬರಬಾರದು. ವೈರು ಕೈಗೆ ಬಂತು, ಸ್ಟೂಲು ಕಾಲಡಿಯಿಂದ ಹೋಯಿತು. ನಾನು, ಸ್ಟೂಲು, ಪಕ್ಕದ ಸ್ಟ್ಯಾಂಡಿನಲ್ಲಿದ್ದ ಮೂರು ಕೊಡೆ, ಒಂದು ಖಾಲಿ ಬಕೆಟ್ಟು ಎಲ್ಲವೂ ಒಟ್ಟಿಗೆ ನೆಲ ಕಂಡೆವು. ಕಣ್ಣು ಬಿಟ್ಟರೆ ಎದುರಿಗೆ ಒಂದು ಜೊತೆ ಬಿಳಿ ಬೂಟು. ಅದರ ಮೇಲೆ ಮನೆಮನೆಗೆ ಬಂದು ಬಾಣಂತಿ, ಮಗುವನ್ನು ನೋಡಿ ಹೋಗುವ ನರ್ಸಮ್ಮ.

ನನ್ನನ್ನು ಏಳಿಸುವುದು ಆಕೆಯ ಕೆಲಸವಲ್ಲವೆಂಬಂತೆ ನಿಂತಿದ್ದರು. ಕಿವಿ ಮಾತ್ರ ಒಳಗಿನ ಕೋಣೆಯ ಕಡೆಗಿತ್ತು.

"ಮಗು ಅಳಲಿಲ್ವಲ್ಲ," ಅಂದರು.

"ಅಳೋದಾ!" ನಾನು ಸೊಂಟ ಹಿಡಿದುಕೊಂಡೇ ಹೆಮ್ಮೆಪಟ್ಟೆ. "ಮನೆ ಬಿದ್ರೂ ಏಳಲ್ಲ ಸಿಸ್ಟರ್. ನಮ್ಮ ಮನೆತನದ ನಿದ್ದೆ ಅದು."

"ಕೊನೆಗೆ ಹಾಲು ಕುಡಿದಿದ್ದು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಆರಕ್ಕೆ."

ಅವರು ಗಡಿಯಾರ ನೋಡಿದರು. ಹನ್ನೊಂದೂಕಾಲು. ಬೂಟು ಬಿಚ್ಚಿ, ನನ್ನನ್ನು ದಾಟಿಕೊಂಡು ಒಳಗೆ ಹೋದರು.

ಆಕೆಗೆ ಊರಿನವರು ಇಟ್ಟ ಹೆಸರು "ಎಬ್ಬಿಸೋ ಸಿಸ್ಟರ್". ಇನ್ನೆರಡು ವರ್ಷಕ್ಕೆ ನಿವೃತ್ತಿ. ಹೆಗಲಿನಲ್ಲಿ ಒಂದು ಚೀಲ, ಅದರಲ್ಲಿ ತೂಕದ ಯಂತ್ರ, ಒಂದು ಬಿಳಿ ಬಟ್ಟೆ, ಅಂಚು ಸವೆದ ನೋಟ್‌ಬುಕ್ಕು. ಬಸ್ಸಿನಲ್ಲಿ ಎಳೆಗೂಸು ಮಲಗಿದ್ದು ಕಂಡರೂ ಪಕ್ಕದವರನ್ನು ಸರಿಸಿ "ಎಷ್ಟು ದಿನದ್ದಮ್ಮ? ಹಾಲು ಯಾವಾಗ ಕೊಟ್ಟೆ?" ಎಂದು ವಿಚಾರಣೆ ನಡೆಸುತ್ತಾರೆ. ಹೀಗಾಗಿ ಸೀಟು ಸಿಕ್ಕರೂ ಆಕೆ ಕೂತು ಪ್ರಯಾಣ ಮಾಡಿದ್ದನ್ನು ಯಾರೂ ಕಂಡಿಲ್ಲವಂತೆ.

ಕೋಣೆಯಲ್ಲಿ ನನ್ನ ಮಗಳು ಹಾಲು ಕಟ್ಟಿ ಎದೆ ಬಿಗಿದು ನೋವೆಂದು ಕೂತಿದ್ದಳು. ನನ್ನ ಹೆಂಡತಿ ತೊಟ್ಟಿಲಿಗೆ ಕಾವಲಿದ್ದಳು.

"ಮಲಗಿರೋ ಮಗುನ ಎಬ್ಬಿಸಬಾರದು ಸಿಸ್ಟರ್. ಹಸಿವಾದ್ರೆ ತಾನೇ ಏಳುತ್ತೆ," ಎಂದಳು.

"ಅಮ್ಮಾ, ದೊಡ್ಡ ಮಗು ಏಳುತ್ತೆ. ಐದು ದಿನದ್ದಕ್ಕೆ ಹಸಿವು ಜಾಸ್ತಿ ಆದಷ್ಟೂ ನಿದ್ದೆ ಜಾಸ್ತಿ. ಏಳೋದಕ್ಕೂ ಶಕ್ತಿ ಬೇಕಲ್ಲ?" ಎನ್ನುತ್ತಲೇ ಸುತ್ತಿದ್ದ ಬಟ್ಟೆಯನ್ನು ಪದರ ಪದರವಾಗಿ ಬಿಚ್ಚಿದರು. ನಾಲ್ಕು ಪದರವಿತ್ತು. ಮೂರನೆಯದು ನನ್ನ ಕೊಡುಗೆ.

"ನಿನ್ನೆಯಿಂದ ಎಷ್ಟು ಸಲ ಉಚ್ಚೆ ಮಾಡಿದ್ದಾನೆ?"

"ಮೂರು," ಎಂದಳು ಮಗಳು.

"ಕಕ್ಕ?"

"ಮೊನ್ನೆ ಮಾಡಿದ್ದ. ಕಪ್ಪಗೆ ಇತ್ತು."

"ಈಗ ಆರು ಸಲ ಒದ್ದೆ ಆಗಬೇಕಿತ್ತು. ಕಕ್ಕ ಹಳದಿಗೆ ತಿರುಗಬೇಕಿತ್ತು. ಇಲ್ಲಿ ಮಗುನೇ ಹಳದಿಗೆ ತಿರುಗಿದೆ."

ಕಿಟಕಿಯ ಬೆಳಕಿಗೆ ಹಿಡಿದು ಮೂಗಿನ ಮೇಲೆ ಬೆರಳಿನಿಂದ ಒತ್ತಿ ಬಿಟ್ಟರು, ಆಮೇಲೆ ಎದೆಯ ಮೇಲೆ, ಹೊಟ್ಟೆಯ ಮೇಲೆ. ಒತ್ತಿದಲ್ಲೆಲ್ಲ ಚರ್ಮ ಅರಿಶಿನದ ಬಣ್ಣ ತೋರಿಸಿತು. ನಾವು ಅದನ್ನು ಮೈಬಣ್ಣ ಎಂದುಕೊಂಡಿದ್ದೆವು. ತನ್ನ ಕಡೆಯ ಬಣ್ಣ ಎಂದು ಹೆಂಡತಿಯೂ, ನನ್ನ ಕಡೆಯದೆಂದು ನಾನೂ ವಾದ ಮಾಡಿ ಎರಡು ದಿನ ಕಳೆದಿದ್ದೆವು.

ತೂಕದ ಯಂತ್ರ ಎರಡು ಸಾವಿರದ ಆರುನೂರ ನಲವತ್ತು ಗ್ರಾಂ ಎಂದಿತು. ಹುಟ್ಟಿದಾಗ ಸರಿಯಾಗಿ ಮೂರು ಕಿಲೋ ಇದ್ದ.

"ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯೋದು ಸಹಜ. ನೂರಕ್ಕೆ ಏಳರಷ್ಟು ಇಳಿದ್ರೆ ಕಣ್ಣಿಡ್ತೀವಿ. ಹತ್ತು ದಾಟಿದ್ರೆ ಸುಮ್ಮನೆ ಕೂತ್ಕೊಳ್ಳಲ್ಲ. ಇದು ಹನ್ನೆರಡು."

ಮಗಳು ಮಗುವಿನ ಕಡೆ ಕೈ ಚಾಚಿದಳು. "ನಾನು ಹಾಲು ಕೊಡ್ತಾನೇ ಇದ್ದೆ ಸಿಸ್ಟರ್. ಎರಡು ನಿಮಿಷ ಚೀಪಿ ಮಲಗಿಬಿಡ್ತಾನೆ. ಹೊಟ್ಟೆ ತುಂಬಿತು ಅಂದ್ಕೊಂಡೆ."

"ತಪ್ಪು ನಿಂದಲ್ಲಮ್ಮ. ಕಾಮಾಲೆ ಮಗುಗೆ ಮಂಪರು ತರುತ್ತೆ. ಮಂಪರಲ್ಲಿ ಹಾಲು ಕುಡಿಯಲ್ಲ, ಕುಡಿಯದೆ ಕಕ್ಕ ಆಗಲ್ಲ, ಆಗದೆ ಹಳದಿ ಹೊರಗೆ ಹೋಗಲ್ಲ. ಇನ್ನೂ ಮಂಪರು. ಗಾಣ ಸುತ್ತಿದ ಹಾಗೆ."

"ಬೆಳಗಿನ ಬಿಸಿಲಿಗೆ ಹಿಡಿದ್ರೆ ಹೋಗಲ್ವಾ?" ಎಂದು ಕೇಳಿದೆ. ಏನಾದರೂ ಹೇಳಬೇಕಿತ್ತು.

"ಬಿಸಿಲಿಗೆ ನೀವು ಹೋಗಿ, ಆಟೋ ಕರೀರಿ. ರಕ್ತ ನೋಡದೆ ಕಾಮಾಲೆ ಎಷ್ಟಿದೆ ಅಂತ ನನ್ನ ಕಣ್ಣೂ ಹೇಳಲ್ಲ. ಆಸ್ಪತ್ರೆಗೆ. ಸಂಜೆಗಲ್ಲ, ಈಗ."

ಆಟೋ ಬರುವಷ್ಟರಲ್ಲಿ ಎಬ್ಬಿಸುವ ಕಾರ್ಯಾಗಾರವೇ ನಡೆದಿತ್ತು. ಬರೀ ಮೈಯ ಮಗುವನ್ನು ತಾಯಿಯ ಬರೀ ಎದೆಗೆ ಒರಗಿಸಿದ್ದರು. ಅಂಗಾಲು ಉಜ್ಜಿದರು, ಬೆನ್ನು ನೀವಿದರು, ಒದ್ದೆ ಬಟ್ಟೆಯಲ್ಲಿ ಕೆನ್ನೆ ಒರೆಸಿದರು. ಕುಂಭಕರ್ಣ ಒಂದು ಕಣ್ಣು ಬಿಟ್ಟು ನಮ್ಮನ್ನೆಲ್ಲ ನೋಡಿ ಮತ್ತೆ ಮುಚ್ಚಿದ. ಕೈಯಲ್ಲಿ ಹಿಂಡಿದ ಎರಡು ಹನಿ ಹಾಲು ತುಟಿಗೆ ಬಿದ್ದಾಗ ಬಾಯಿ ಚಪ್ಪರಿಸಿದ. ಚೀಪುವುದು ನಿಧಾನವಾದಾಗ ಎದೆ ಒತ್ತಿ ಹಾಲು ಹರಿಸಿದರು, ಮತ್ತೆ ತೂಕಡಿಸಿದಾಗ ಇನ್ನೊಂದು ಬದಿಗೆ ಹಾಕಿದರು. ಉಳಿದ ಹಾಲನ್ನು ಹಿಂಡಿ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು.

ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ಕೂಡಲೇ ಕಾಮಾಲೆ ಇಳಿಸುವ ನೀಲಿ ಬೆಳಕಿನ ಪೆಟ್ಟಿಗೆ ಸಿದ್ಧಮಾಡಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮೊಮ್ಮಗ ಅದರಲ್ಲಿ ಮಲಗಿದ. ಎರಡೂವರೆ ಗಂಟೆಗೊಮ್ಮೆ ತೆಗೆದು ಹಾಲು ಕುಡಿಸಬೇಕು.

ಹೊರಗಿನ ಬೆಂಚಿನಲ್ಲಿ ಸಿಸ್ಟರ್ ಪಕ್ಕ ಕೂತು ಕೇಳಿದೆ: "ಈ ಎಬ್ಬಿಸೋ ಹುಚ್ಚು ನಿಮಗೆ ಯಾವಾಗಿಂದ?"

"ಕೆಲಸಕ್ಕೆ ಸೇರಿದ ವರ್ಷ. ವಾರ್ಡಿನಲ್ಲಿ ಹನ್ನೊಂದು ಮಕ್ಕಳು ಅಳ್ತಿದ್ವು, ಒಂದು ಸುಮ್ಮನಿತ್ತು. ಒಳ್ಳೇ ಮಗು ಅಂತ ಅದನ್ನ ಬಿಟ್ಟು ಹನ್ನೊಂದನ್ನ ನೋಡಿಕೊಂಡೆ. ಬೆಳಿಗ್ಗೆ ನೋಡಿದ್ರೆ ಅಂಗಾಲಿನವರೆಗೂ ಹಳದಿ."

"ಉಳೀತಾ?"

"ಉಳೀತು. ಕಾಮಾಲೆಗೆ ಕಿವಿ ಹೋಯ್ತು, ಕೇಳಲ್ಲ. ಈಗ ಟೈಲರ್. ನನ್ನ ಯೂನಿಫಾರಂ ಅವನೇ ಹೊಲಿಯೋದು." ತೋಳಿನ ಅಂಚು ಸರಿಮಾಡಿಕೊಂಡರು. "ಚೆನ್ನಾಗಿ ಹೊಲೀತಾನೆ."

ನಾನು ಎದ್ದು ಒಳಗೆ ಹೋಗಿ ಪೆಟ್ಟಿಗೆಯಲ್ಲಿದ್ದ ಮೊಮ್ಮಗನನ್ನು ಒಮ್ಮೆ ನೋಡಿಬಂದೆ.

ಎರಡು ದಿನದ ಮೇಲೆ ಹಳದಿ ಇಳಿದು ಮನೆಗೆ ಬಂದೆವು. ಆಜ್ಞೆ ಹೀಗಿತ್ತು: ಹಗಲಾಗಲಿ ರಾತ್ರಿಯಾಗಲಿ, ಒಂದು ಸಲ ಹಾಲು ಕೊಟ್ಟು ಮತ್ತೆ ಕೊಡುವಷ್ಟರಲ್ಲಿ ಮೂರು ಗಂಟೆ ಮೀರಬಾರದು. ದಿನಕ್ಕೆ ಎಂಟು ಸಲ ಕನಿಷ್ಠ, ಹನ್ನೆರಡಾದರೂ ಸರಿ. ಹುಟ್ಟಿದ ತೂಕ ಮರಳುವವರೆಗೆ ರಿಯಾಯಿತಿ ಇಲ್ಲ. ಲೆಕ್ಕ ಇಡುವ ಹುದ್ದೆ ನನ್ನದಾಯಿತು. ಮೊದಲ ದಿನವೇ ಮುಗ್ಗರಿಸಿದೆ: ಮಗು ಕುಡಿದು ಮಲಗಿದ ಹೊತ್ತಿನಿಂದ ಮೂರು ಗಂಟೆ ಎಣಿಸುತ್ತಿದ್ದೆ. ಬೆಳಿಗ್ಗೆ ಬಂದ ಸಿಸ್ಟರ್ ನನ್ನ ಹಾಳೆ ನೋಡಿದರು.

"ಕುಡಿಯೋಕೆ ಶುರು ಮಾಡಿದ ಹೊತ್ತಿನಿಂದ ಎಣಿಸ್ಬೇಕು ಸಾರ್. ನಿಮ್ಮ ಲೆಕ್ಕದಲ್ಲಿ ಮಗುಗೆ ದಿನಕ್ಕೆ ಎರಡು ಊಟ ಖೋತಾ."

"ಅಪ್ಪನ ಆಫೀಸಿನಲ್ಲೂ ಹೀಗೇ," ಎಂದಳು ಮಗಳು. ಹೆರಿಗೆಯಾದ ಮೇಲೆ ಅವಳು ಮಾಡಿದ ಮೊದಲ ಕುಹಕ ಅದು. ನನಗೆ ಸಮಾಧಾನವಾಯಿತು.

ಆಮೇಲೆ ಮೂರು ಗಂಟೆಗೆ ಮೂರೇ ಗಂಟೆ. ನಿದ್ದೆಯ ಮನೆತನವೆಂಬ ನನ್ನ ಕೀರ್ತಿ ಮಣ್ಣುಪಾಲಾಯಿತು. ಹೆಂಡತಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾನು ಚಪ್ಪಲಿ ಅದಲುಬದಲು ಹಾಕಿಕೊಂಡು ಬ್ಯಾಂಕಿಗೆ ಹೋಗಿಬಂದೆ. ಒದ್ದೆ ಬಟ್ಟೆ ದಿನಕ್ಕೆ ಏಳಾಯಿತು, ಎಂಟಾಯಿತು. ಕಕ್ಕ ಹಳದಿಗೆ ತಿರುಗಿದ ದಿನ ಮನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ನೋಡಿದೆವು.

ಹದಿನಾಲ್ಕನೆಯ ದಿನ ಸಿಸ್ಟರ್ ತೂಕದ ಯಂತ್ರ ತೆರೆದರು. ಮೂರು ಸಾವಿರದ ಹತ್ತು. ಮಗಳು ಅತ್ತಳು. ಹೆಂಡತಿ ಅವಳನ್ನು ಗದರಿಸಿ ತಾನೂ ಅತ್ತಳು.

"ಹುಟ್ಟಿದ ತೂಕ ದಾಟಿದ. ಮೈ ಹಳದಿಯೂ ಇಲ್ಲ," ಸಿಸ್ಟರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಹೀಗೇ ಏರ್ತಾ, ಚೆನ್ನಾಗಿ ಉಚ್ಚೆ ಮಾಡ್ತಾ ಇದ್ರೆ ರಾತ್ರಿ ಒಂದು ಸಲ ನಾಲ್ಕು ಗಂಟೆ ಮಲಗಿದ್ರೂ ಪರವಾಗಿಲ್ಲ. ಇನ್ನು ಎಬ್ಬಿಸಬೇಕಾಗಿಲ್ಲ, ಕೇಳಿದಾಗ ಕೊಡಿ."

ಒಂಬತ್ತು ದಿನದ ನಿದ್ದೆ ನನ್ನ ಕಣ್ಣೆದುರು ಹಾಸಿಗೆ ಹಾಸಿತು. "ಹಾಗಾದ್ರೆ ಸಿಸ್ಟರ್, ಇವತ್ತಿಂದ ನಾವೆಲ್ಲ ನಿಶ್ಚಿಂತೆಯಾಗಿ ಮಲಗಬಹುದಾ?"

ತಕ್ಕಡಿಯಲ್ಲಿ ಕೈಕಾಲು ಬಡಿದು, ಮುಖ ಕೆಂಪಾಗಿಸಿ, ಬೀದಿಗೆ ಕೇಳುವಂತೆ ಕಿರುಚುತ್ತಿದ್ದ ಮೊಮ್ಮಗನನ್ನು ಸಿಸ್ಟರ್ ಒಮ್ಮೆ ನೋಡಿದರು.

"ಎಬ್ಬಿಸೋ ಕೆಲಸ ಇನ್ನು ಅವನದು ಸಾರ್," ಅಂದರು.