ಬಾಯಲ್ಲಿ ಬರೆದ ಪ್ರಬಂಧ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದರು. ವಾತದಿಂದ ಬೆರಳಿನ ಗಂಟುಗಳು ಊದಿಕೊಂಡ ಮೇಲೆ ಅವರಿಗೆ ಸೂಜಿ ಹಿಡಿಯುವುದು ಕಷ್ಟವಾಯಿತು. ವಾರ್ಡಿನ ಮೇಲ್ವಿಚಾರಣೆ ಮಾತ್ರ ಉಳಿಯಿತು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ದೀರ್ಘಕಾಲದ ರೋಗಿಗಳ ಆರೈಕೆಯ ಬಗ್ಗೆ ಸಂಜೆಯ ಡಿಪ್ಲೊಮಾ ತರಗತಿಗೆ ಸೇರಿಬಿಟ್ಟರು. ಅಲ್ಲಿ, ತಾವು ನೋಡಿಕೊಂಡ ಒಬ್ಬ ರೋಗಿಯ ಬಗ್ಗೆ ಪ್ರಬಂಧ ಬರೆದುಕೊಡಬೇಕಿತ್ತು.

ಪೆನ್ನು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಕೀಬೋರ್ಡ್ ಇನ್ನೂ ಕಷ್ಟ. ಹಾಗಾಗಿ ಫೋನಿನ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತಾಡುತ್ತಾ ಬರೆಯುವುದನ್ನು ಕಲಿತರು. ಅಡುಗೆಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ನಿಲ್ಲಿಸಿ, ಗೋಡೆಗೆ ಮುಖ ಮಾಡಿ ಹೇಳುತ್ತಿದ್ದರು.

"ಆ ಫೋನಿಗೆ ಹೇಳೋದ್ರಲ್ಲಿ ಕಾಲು ಭಾಗ ನನಗೆ ಹೇಳಿದ್ರೆ ನಾನು ಧನ್ಯ," ಎನ್ನುತ್ತಿದ್ದರು ಗಂಡ.

"ನೀವು ಅದರಷ್ಟು ಗಮನ ಕೊಟ್ಟು ಕೇಳಲ್ಲವಲ್ರೀ."

ಫೋನು ಕೇಳುವುದೇನೋ ಕೇಳುತ್ತಿತ್ತು, ಆದರೆ ಕಿವಿ ಮಂದ. 'ನೋವು ಇತ್ತು' ಎಂದರೆ 'ನಾವು ಇತ್ತು' ಎಂದು ಬರೆಯುತ್ತಿತ್ತು. ಹಾಸಿಗೆಯನ್ನು ಆಡುಮಾತಿನಲ್ಲಿ 'ಆಸಿಗೆ' ಎಂದರೆ ಅದರ ಪಾಲಿಗೆ 'ಆಸೆಗೆ'. ಪೂರ್ಣವಿರಾಮದ ಮಾತೇ ಇಲ್ಲ. ಪುಟಗಟ್ಟಲೆ ಒಂದೇ ಉಸಿರು. ಒಂದೊಂದನ್ನೇ ತಿದ್ದಲು ಬೆರಳು ಸಹಕರಿಸಲಿಲ್ಲ. ಕೊನೆಗೆ ಇಡೀ ಬರಹವನ್ನು ತಿದ್ದಿಕೊಡುವ ಆ್ಯಪ್‌ಗೆ ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಇಸ್ತ್ರಿ ಹಾಕಿದ ಹಾಗೆ ನೀಟಾಗಿ ಬಂತು. ಸುಸ್ತಾಗಿದ್ದ ಸಿಸ್ಟರ್ ಮೇಲೆ ಮೇಲೆ ಕಣ್ಣಾಡಿಸಿ ಕಾಲೇಜಿಗೆ ಕಳಿಸಿಬಿಟ್ಟರು.

ಮುಂದಿನ ವಾರ ಪ್ರಾಧ್ಯಾಪಕಿ ತಮ್ಮ ಕೋಣೆಗೆ ಕರೆದರು. ವಯಸ್ಸಿನಲ್ಲಿ ಸಿಸ್ಟರ್‌ಗಿಂತ ಚಿಕ್ಕವರು.

"ಮೇಡಂ, ಕೃತಿಚೌರ್ಯದ ತಪಾಸಣೆಯಲ್ಲಿ ಏನೂ ಸಿಕ್ಕಿಲ್ಲ. ಆದ್ರೆ ಇನ್ನೊಂದು ಸಾಫ್ಟ್‌ವೇರು, ಇದನ್ನ ಎಐ ಬರೆದಿರೋ ಸಾಧ್ಯತೆ ತುಂಬಾ ಜಾಸ್ತಿ ಅಂತಿದೆ."

ಸಿಸ್ಟರ್ ಮುಖ ಕೆಂಪಾಯಿತು. "ನನ್ನ ರೋಗಿ, ನನ್ನ ವಾರ್ಡು, ನನ್ನ ಬಾಯಿ. ಇನ್ಯಾರು ಬರೀತಾರೆ?"

"ಅದಕ್ಕೇ ಕರೆದೆ. ಅದು ಹೇಳೋದು ಅಂದಾಜು, ಸಾಕ್ಷಿ ಅಲ್ಲ. ಕನ್ನಡದಲ್ಲಂತೂ ಅದರ ಅಂದಾಜನ್ನ ನಾನು ಅಷ್ಟಾಗಿ ನಂಬಲ್ಲ. ಹೇಗೆ ಬರೆದ್ರಿ, ತೋರಿಸ್ತೀರಾ?"

ಸಿಸ್ಟರ್ ಫೋನು ಮುಂದಿಟ್ಟರು. ಮಾತಾಡಿದ ಧ್ವನಿ ಎಲ್ಲೂ ಉಳಿದಿರಲಿಲ್ಲ. ಆದರೆ ಕಡತದ ಹಳೆಯ ಆವೃತ್ತಿಗಳು ಉಳಿದಿದ್ದವು: ದಿನಕ್ಕಿಷ್ಟು ಮಾತು ಗುಪ್ಪೆಗುಪ್ಪೆಯಾಗಿ ಬೆಳೆದಿತ್ತು, ಕೊನೆಯಲ್ಲಿ ಅದೆಲ್ಲ ಒಮ್ಮೆಗೇ ಅಳಿಸಿಹೋಗಿ ಹೊಸ ಬರಹ ಬಂದು ಕೂತಿತ್ತು. ಪ್ರಾಧ್ಯಾಪಕಿ ಮೊದಲಿನದನ್ನು ಅದೇ ಸಾಫ್ಟ್‌ವೇರಿಗೆ ಹಾಕಿದರು. ಮನುಷ್ಯರೇ ಬರೆದದ್ದು ಎಂದಿತು. ಕುತೂಹಲಕ್ಕೆ, ಇಂಥ ಆ್ಯಪ್‌ಗಳು ಬರುವ ಮುಂಚೆ ತಾವೇ ಬರೆದಿದ್ದ ಪಾಠವೊಂದನ್ನೂ ಹಾಕಿದರು. ಅದಕ್ಕೂ ಯಂತ್ರದ ಪಟ್ಟವೇ ಸಿಕ್ಕಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಹಾಗಾದ್ರೆ ನನ್ನ ತಪ್ಪಿಲ್ಲ ಅಂತಾಯ್ತು," ಎಂದರು ಸಿಸ್ಟರ್.

ಪ್ರಾಧ್ಯಾಪಕಿ ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟರು. "ನೀವು ಮೋಸ ಮಾಡಿಲ್ಲ. ಆದ್ರೂ ಇದನ್ನ ಓದಿ ನೋಡಿ."

ಕಳಿಸಿದ್ದರಲ್ಲಿ ಹೀಗಿತ್ತು: 'ರೋಗಿಯ ಭಾವನಾತ್ಮಕ ಅಗತ್ಯಗಳಿಗೆ ಸೂಕ್ತವಾಗಿ ಸ್ಪಂದಿಸಲಾಯಿತು.' ಬಾಯಲ್ಲಿ ಹೇಳಿದ್ದರಲ್ಲಿ: 'ಅವನು ಗೋಡೆ ಕಡೆ ತಿರುಗಿಕೊಂಡೇ ಮಲಗಿದ್ದ ಮಾತಾಡಿಸಿದರೆ ಆಗೋದಿಲ್ಲ ಅಂತ ಗೊತ್ತಾಯಿತು ನಾನೂ ಕುರ್ಚಿ ಎಳೆದುಕೊಂಡು ಗೋಡೆ ನೋಡ್ತಾ ಕೂತೆ.'

ಸಿಸ್ಟರ್ ಎರಡನ್ನೂ ಮತ್ತೊಮ್ಮೆ ಓದಿದರು. ಚುಕ್ಕಿ ಹಾಕಿಕೊಡು ಎಂದು ಕೊಟ್ಟಿದ್ದನ್ನು ಆ್ಯಪ್ ತನಗೆ ತೋಚಿದ ಹಾಗೆ ಬರೆದಿತ್ತು. ಆ ಕುರ್ಚಿ ಎಲ್ಲಿ ಹೋಯಿತು? ಸಾಫ್ಟ್‌ವೇರಿನ ಮೇಲಿದ್ದ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ಸರಿಯಾಗಿ ಓದದೆ ಕಳಿಸಿದ ತಮ್ಮ ಮೇಲೂ ಸ್ವಲ್ಪ ಸಿಟ್ಟು ಬಂತು.

"ಬಾಯಲ್ಲಿ ಹೇಳಿದ್ದನ್ನೇ ತಿದ್ದಿ ಕೊಡಿ. ಧ್ವನಿಯಿಂದ ಬರೆದದ್ದು ಅಂತ ಮೇಲೆ ಹಾಕಿ," ಎಂದರು ಪ್ರಾಧ್ಯಾಪಕಿ.

ಆ ವಾರವೆಲ್ಲ ಗಂಡ ಗಟ್ಟಿಯಾಗಿ ಓದಿದರು, ಸಿಸ್ಟರ್ ಕಣ್ಣು ಮುಚ್ಚಿ ಕೇಳಿದರು.

"'ರಾತ್ರಿಯೆಲ್ಲಾ ನಾವು ಇತ್ತು'. ಇದೇನೇ ಇದು, ಯಾವ ನಾವು?"

"ನೋವು ರೀ, ನೋವು. ಮುಂದೆ ಓದಿ."

ತಪ್ಪಿದ ಪದ ಸರಿಮಾಡಿದರು, ಚುಕ್ಕಿ ಹಾಕಿಸಿದರು, ಎರಡೆರಡು ಸಲ ಹೇಳಿದ್ದನ್ನು ತೆಗೆಸಿದರು. ವಾಕ್ಯಗಳನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಕೆಲವು ಇನ್ನೂ ಉದ್ದವಾಗಿಯೇ ಉಳಿದವು.

ಪ್ರಬಂಧ ಪಾಸಾಯಿತು. ಆದರೆ ಅಂಕಪಟ್ಟಿಯಲ್ಲಿ 'ಮರುಸಲ್ಲಿಕೆ' ಎಂಬ ಪದ ಕೂತುಬಿಟ್ಟಿತ್ತು. ಅದನ್ನು ತೆಗೆಸಲು ಪ್ರಾಧ್ಯಾಪಕಿ ಕಚೇರಿಗೆ ಅಲೆದರು. ನಿಯಮ ಅಂದರೆ ನಿಯಮ ಎಂದರು ಅಲ್ಲಿಯವರು. ಅದನ್ನು ನೆನೆದಾಗಲೆಲ್ಲ ಸಿಸ್ಟರ್‌ಗೆ ಈಗಲೂ ಒಳಗೊಳಗೇ ಚುರ್ರೆನ್ನುತ್ತದೆ. ಆದರೂ ಹೊಸ ಹುಡುಗಿಯರಿಗೆ ತರಬೇತಿ ಕೊಡುವಾಗ ಆ ಪ್ರಬಂಧವನ್ನೇ ಓದಲು ಕೊಡುತ್ತಾರೆ.

"ಸಿಸ್ಟರ್, ಇದು ನೀವು ಎದುರಿಗೆ ಕೂತು ಹೇಳಿದ ಹಾಗೇ ಇದೆ," ಎಂದಳು ಒಬ್ಬಳು.

"ಹೇಳಿದ್ದೇ ಕಣಮ್ಮಾ," ಎಂದರು ಅವರು.