ಟಿಕ್ ಹಾಕುವ ಕೆಲಸ

ಬಣಕಲ್ಲಿನ ಹೆದ್ದಾರಿ ಪಕ್ಕದಲ್ಲಿ, ಹಳೇ ಗೋದಾಮೊಂದಕ್ಕೆ ಸುಣ್ಣ ಬಳಿದು ಮಾಡಿದ ಪ್ಯಾಕಿಂಗ್ ಯೂನಿಟ್ಟಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನಗೆ ಕೊಟ್ಟ ಹುದ್ದೆ 'ಕ್ವಾಲಿಟಿ'. ಕ್ವಾಲಿಟಿ ಏನು ಎಂದು ಕೇಳಿದರೆ ಯಜಮಾನರು, "ಕ್ವಾಲಿಟಿ ಅಂದ್ರೆ ಕ್ವಾಲಿಟಿ ಮಾರಾಯ್ತಿ, ಅದ್ರಲ್ಲಿ ಕೇಳೋಕೆ ಏನಿದೆ?" ಎಂದರು. ಅವರು ಎಸ್ಟೇಟಿನ ಧಣಿ. ಕಾಫಿಯನ್ನು ಮೂಟೆ ಲೆಕ್ಕದಲ್ಲಿ ವ್ಯಾಪಾರಿಗೆ ಮಾರಿ ಬೇಜಾರಾಗಿ, ತಾವೇ ಪುಡಿ ಮಾಡಿಸಿ, ಕರಿಮೆಣಸು ಜೇನುತುಪ್ಪದ ಜೊತೆ ಆನ್‌ಲೈನಿನಲ್ಲಿ ಮಾರತೊಡಗಿದ್ದರು. ಗೋಡೆ ಮೇಲೆ ಬಾಗಿಲಷ್ಟು ದೊಡ್ಡ ಬೋರ್ಡು: 'ಗುಣಮಟ್ಟವೇ ನಮ್ಮ ಉಸಿರು.' ತೂಕದ ಯಂತ್ರ ಮಾತ್ರ ಒಂದೇ. ಅದೂ ಕರೆಂಟು ಹೋದರೆ ಕಣ್ಣು ಮುಚ್ಚುತ್ತಿತ್ತು.

ನನ್ನ ಕೆಲಸ ಒಂದು ಫಾರಂ ತುಂಬುವುದು. ವಸ್ತು ಸರಿಯೇ, ತೂಕ ಸರಿಯೇ, ಸೀಲು ಸರಿಯೇ, ಬಾಟಲಿ ಒಡೆದಿಲ್ಲವೇ, ವಿಳಾಸ ಸರಿಯೇ ಎಂದು ಹತ್ತು ಸಾಲು. ಪ್ರತಿ ಸಾಲಿಗೂ ಒಂದು ಟಿಕ್, ಕೆಳಗೆ ನನ್ನ ಸಹಿ. ಆ ಫಾರಮ್ಮಿನ ಒಂದು ಚೀಟಿ ಡಬ್ಬಿಯೊಳಗೆ ಹೋಗುತ್ತಿತ್ತು, ಗಿರಾಕಿಗೆ ನಂಬಿಕೆ ಬರಲಿ ಅಂತ. ಮೊದಲ ವಾರ ಪ್ರಾಮಾಣಿಕವಾಗಿ ನೋಡಿದೆ. ಎರಡನೇ ವಾರದಿಂದ ಬೆಳಿಗ್ಗೆ ಚಹಾ ಕುಡಿಯುತ್ತಲೇ ಅರವತ್ತು ಚೀಟಿಗೆ ಟಿಕ್ ಹಾಕಿ ಸಹಿ ಗೀಚಿ ಇಟ್ಟುಬಿಡುತ್ತಿದ್ದೆ. ಡಬ್ಬಿಗಳು ಆಮೇಲೆ ಹುಟ್ಟುತ್ತಿದ್ದವು. ಮಗುವಿಗೆ ಮೊದಲೇ ಪಾಸಾದ ಸರ್ಟಿಫಿಕೇಟು ಬರೆದಿಟ್ಟ ಹಾಗೆ. ನನ್ನ ಟಿಕ್ಕುಗಳು ಬಹಳ ಚೆಂದ ಬರುತ್ತಿದ್ದವು, ಅದನ್ನು ಯಜಮಾನರೂ ಮೆಚ್ಚಿದ್ದರು.

ಒಂದು ದಿನ ಮೈಸೂರಿನಿಂದ ಫೋನು ಬಂತು. ಹಿರಿಯ ಹೆಂಗಸಿನ ಧ್ವನಿ, ನಿವೃತ್ತ ಮೇಷ್ಟ್ರ ಹದ.

"ನೋಡಮ್ಮ, ನಾನು ಕೇಳಿದ್ದು ಫಿಲ್ಟರಿಗೆ ಹಾಕೋ ಪುಡಿ. ನೀವು ಕಳಿಸಿದ್ದು ಹುರಿದ ಬೀಜ. ಇದನ್ನ ನಾನು ಅಗಿದು, ಮೇಲೆ ಹಾಲು ಕುಡೀಬೇಕಾ?"

ತಪ್ಪಾಯ್ತು ಅಂದೆ. ಬದಲಿಗೆ ಪುಡಿ ಕಳಿಸುತ್ತೇನೆ ಅಂದೆ.

"ಅದು ಕಳಿಸು. ಆದರೆ ನನಗೊಂದು ಅನುಮಾನ. ಒಳಗೊಂದು ಚೀಟಿ ಇದೆ. 'ವಸ್ತು ಸರಿಯಾಗಿದೆ' ಅಂತ ಟಿಕ್ ಹಾಕಿ ಯಾರೋ ಸಹಿ ಮಾಡಿದ್ದಾರೆ. ಅವರಿಗೆ ಕಣ್ಣು ಚೆನ್ನಾಗಿದೆಯಾ?"

"ಇದೆ" ಅಂದೆ. ಸಹಿ ನನ್ನದೇ ಎಂದು ಹೇಳುವ ಧೈರ್ಯ ಬರಲಿಲ್ಲ. ಫೋನಿಟ್ಟ ಮೇಲೆ ಕಿವಿ ಬಿಸಿಯಾಗಿತ್ತು.

ಯಜಮಾನರಿಗೆ ವಿಷಯ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ ಪರಿಹಾರ ಕೊಟ್ಟರು. "ನಾಳೆಯಿಂದ ಆ ಚೀಟಿ ಒಳಗೆ ಹಾಕಬೇಡ."

"ಮತ್ತೆ ಆ ತಪ್ಪಿಗೆ ಏನ್ಮಾಡೋದು, ಸರ್?"

"ಚೀಟಿ ಇಲ್ದಿದ್ರೆ ಅವರು ಯಾರ ಸಹಿ ಹಿಡ್ಕೊಂಡು ಮಾತಾಡ್ತಾರೆ?"

ಅಷ್ಟು ದೊಡ್ಡ ತೋಟ ಹೇಗೆ ನಡೆಯುತ್ತಿದೆ ಎಂಬ ಆಶ್ಚರ್ಯ ನನಗೆ ಅವತ್ತು ಮೊದಲ ಸಲ ಆಯಿತು. ಆದರೆ ನಗುವ ಹಕ್ಕು ನನಗಿರಲಿಲ್ಲ. ಅವರು ಚೀಟಿ ಬಚ್ಚಿಡಲು ಹೇಳಿದ್ದರು, ನಾನು ಚೀಟಿ ತುಂಬಿ ಅದರ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಇಬ್ಬರಲ್ಲಿ ಯಾರು ಮೇಲು ಎಂದು ಹೇಳುವುದು ಕಷ್ಟ.

ಮಾರನೇ ದಿನ ನಾನು ಪ್ಯಾಕಿಂಗಿನ ಅಕ್ಕನ ಜೊತೆ ಕೂತೆ. ಅವರು ಮೂವತ್ತು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜ ಆರಿಸಿದವರು. ಕಪ್ಪು ಬೀಜ, ಒಡಕು ಬೀಜ ಅವರ ಬೆರಳಿಗೇ ಗೊತ್ತಾಗುತ್ತಿತ್ತು. ಅವರು ಹೇಳಿದ ಮೊದಲ ಮಾತು: "ತುಂಬಿದೋರೇ ನೋಡಿದ್ರೆ ಏನೂ ಕಾಣಲ್ಲ. ನಾನು ತುಂಬಿದ್ದು ನೀನು ನೋಡು, ನೀನು ತುಂಬಿದ್ದು ನಾನು ನೋಡ್ತೀನಿ."

ಹಾಗೆ ಶುರುವಾಯಿತು. ಆರ್ಡರ್ ಚೀಟಿ ಕೈಯಲ್ಲಿ ಹಿಡಿದು ಒಂದೊಂದೇ ಸಾಲು ಓದುವುದು, ನೆನಪಿನಿಂದ ಅಲ್ಲ. ಪೊಟ್ಟಣವನ್ನು ಹೆಬ್ಬೆರಳಲ್ಲಿ ಒತ್ತುವುದು, ಬೀಜವೋ ಪುಡಿಯೋ ಅಲ್ಲೇ ತಿಳಿಯುತ್ತದೆ. ಸೀಲಿನ ಅಂಚನ್ನು ಎಳೆದು ನೋಡುವುದು. ಜೇನಿನ ಬಾಟಲಿಯನ್ನು ಕಾಗದದ ಮೇಲೆ ತಲೆಕೆಳಗಾಗಿ ಅರ್ಧ ಗಂಟೆ ನಿಲ್ಲಿಸುವುದು, ಮುಚ್ಚಳ ಸೋರಿದರೆ ಕಾಗದವೇ ಹೇಳುತ್ತದೆ. ಕೊನೆಗೆ ಇಡೀ ಡಬ್ಬಿಯ ತೂಕ, ಏನಾದರೂ ಬಿಟ್ಟುಹೋಗಿದ್ದರೆ ಅಲ್ಲಿ ಸಿಕ್ಕಿಬೀಳಬೇಕು. ತಪ್ಪಿದ್ದು ಕೆಂಪು ಕ್ರೇಟಿಗೆ. ಅದು ಸರಿಯಾಗುವ ತನಕ ಶೆಲ್ಫಿಗೆ ವಾಪಸ್ಸು ಹೋಗುವಂತಿಲ್ಲ. ಪ್ರತಿ ಡಬ್ಬಿಯ ತಳದಲ್ಲಿ ತುಂಬಿದವರ ಮೇಜಿನ ನಂಬರು. ಮೇಜುಗಳು ಮೂರು, ತುಂಬುವವರೂ ಮೂರೇ ಜನ. ಟಿಕ್ಕು ನೋಡಿದ ಮೇಲೆಯೇ. ಅದರಿಂದ ನನ್ನ ಟಿಕ್ಕುಗಳ ಚೆಂದ ಹಾಳಾಯಿತು.

ಯಜಮಾನರಿಗೆ ಇದು ಬಹಳ ಹಿಡಿಸಿತು. ಕಳಸದಿಂದ, ಮೂಡಿಗೆರೆಯಿಂದ ಬಂದ ಸ್ನೇಹಿತರನ್ನೆಲ್ಲ ಕರೆತಂದು, "ಇದು ನಮ್ಮ ಸಿಸ್ಟಮ್ಮು" ಎಂದು ತಲೆಕೆಳಗಾಗಿ ನಿಂತ ಬಾಟಲಿಗಳನ್ನು ತೋರಿಸುತ್ತಿದ್ದರು. ಒಬ್ಬರು, "ಜೇನು ಕೆಳಗಿಳಿಯೋಕೆ ಹಾಗಿಟ್ಟಿದ್ದಾ?" ಎಂದು ಕೇಳಿದಾಗ, "ಹೌದು, ಅದಕ್ಕೂ" ಎಂದರು.

ಆಮೇಲೆ ಬಂತು ದೊಡ್ಡ ಆರ್ಡರು. ಬೆಂಗಳೂರಿನ ಒಂದು ಆಫೀಸಿಗೆ ಇನ್ನೂರು ಉಡುಗೊರೆ ಡಬ್ಬಿ. ಒಂದೊಂದರಲ್ಲೂ ಕಾಲು ಕೇಜಿ ಪುಡಿ, ನೂರು ಗ್ರಾಂ ಕರಿಮೆಣಸು, ಒಂದು ಬಾಟಲಿ ಜೇನು. ಕಳಿಸುವ ದಿನ ಯಜಮಾನರು ಉತ್ಸಾಹ ತಡೆಯಲಾರದೆ ತಾವೂ ತುಂಬಲು ಕೂತರು. ಜೊತೆಗೆ ಒಬ್ಬ ಸ್ನೇಹಿತರು, ಮಾತಿಗೆ. ಮೂಲೆಯಲ್ಲಿ ನಾಲ್ಕನೇ ಮೇಜು ಹಾಕಿಕೊಟ್ಟೆವು. ನಂಬರು ಹಾಕಿ ಸರ್ ಎಂದರೆ, "ನನಗೂ ನಂಬರಾ?" ಎಂದು ನಕ್ಕರು. ಅಕ್ಕ ಅವರ ಡಬ್ಬಿಗಳ ತಳದಲ್ಲಿ ತಾನೇ ನಾಲ್ಕು ಎಂದು ಬರೆಯುತ್ತಾ ಹೋದರು. ಧಣಿಗಳ ಆ ಮೇಜಿನಿಂದ ಮೆಣಸಿನ ರೇಟು, ದೇವರಮನೆ ಗುಡ್ಡಕ್ಕೆ ಹೋದ ಜೀಪಿನ ಕತೆ, ನಡುನಡುವೆ "ಕಟರ್ ಯಾರು ತಗೊಂಡ್ರಿ? ಇಲ್ಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇರಲ್ಲ" ಎಂಬ ಬೈಗುಳ ಬರುತ್ತಲೇ ಇತ್ತು. ರಟ್ಟು ಕೊಯ್ಯುವ, ಕಬ್ಬಿಣದ ಹಿಡಿಯ ಆ ದೊಡ್ಡ ಕಟರನ್ನು ಅವರಿಗೇ ಕೊಟ್ಟಿದ್ದೆವು.

ಮೂರೂವರೆಗೆ ಎಲ್ಲ ಡಬ್ಬಿ ಮುಚ್ಚಿ ಅಂಟುಪಟ್ಟಿ ಹಾಕಿ ಆಯಿತು. ನಾನು ತೂಕದ ಯಂತ್ರ ಎಳೆದುಕೊಂಡೆ.

"ಈಗೇನು?" ಎಂದರು ಯಜಮಾನರು.

"ನೋಡ್ಬೇಕಲ್ಲ ಸರ್."

"ನಾಲ್ಕಕ್ಕೆ ವ್ಯಾನು. ಇನ್ನೂರೂ ತೂಗ್ತಾ ಕೂತ್ರೆ ನಾಳೆ ಆಗುತ್ತೆ. ನಾನೇ ಕೂತು ತುಂಬಿದೀನಿ, ಅದನ್ನೂ ನೋಡ್ಬೇಕಾ?"

"ಇಪ್ಪತ್ತು ನೋಡ್ತೀನಿ. ಸರಿಯಿದ್ರೆ ಕಳಿಸೋಣ" ಎಂದೆ. ಸರಿ ಎಂದರು, ಭಿಕ್ಷೆ ಹಾಕಿದವರ ಹಾಗೆ.

ಮೊದಲು ಒಂದು ಡಬ್ಬಿ ಬಿಚ್ಚಿ ಎಲ್ಲ ಇದೆ ಎಂದು ಕಣ್ಣಾರೆ ನೋಡಿ, ಮುಚ್ಚಿ ತೂಗಿದೆ. ಒಂಬೈನೂರ ಇಪ್ಪತ್ತು ಗ್ರಾಂ. ಬೇರೆ ಬೇರೆ ರಾಶಿಯಿಂದ ಇಪ್ಪತ್ತು ಎತ್ತಿದೆ. ಹದಿನೆಂಟು ಸರಿ. ಎರಡು ಎಂಟುನೂರರ ಹತ್ತಿರ. ಬಿಚ್ಚಿದರೆ ಎರಡರಲ್ಲೂ ಮೆಣಸಿಲ್ಲ. ತಳ ತಿರುಗಿಸಿದೆ. ನಾಲ್ಕು.

ಯಜಮಾನರು ಸ್ನೇಹಿತರ ಕಡೆ ನೋಡಿದರು. ಸ್ನೇಹಿತರು ಕಿಟಕಿಯ ಕಡೆ ನೋಡಿದರು.

ಅಷ್ಟರಲ್ಲಿ ವ್ಯಾನು ಬಂತು. ಓಡಿಸುವ ಭಾಯ್ ಒಳಗೆ ಬಂದು, ರಾಶಿಯನ್ನೂ ನಮ್ಮ ಮುಖಗಳನ್ನೂ ನೋಡಿದರು. "ಇನ್ನೂ ಆಗಿಲ್ವಾ?"

"ಒಂದು ಗಂಟೆ ಬೇಕು ಭಾಯ್" ಎಂದೆ. ಯಜಮಾನರು ಬಾಯಿ ತೆರೆಯುವ ಮೊದಲೇ.

"ಕೊಟ್ಟಿಗೆಹಾರದ್ದು ಮುಗಿಸ್ಕೊಂಡು ಇದೇ ದಾರೀಲಿ ವಾಪಸ್ ಬರ್ತೀನಿ. ಐದಕ್ಕೆ ಇಲ್ಲಿ. ಆಮೇಲೆ ನಿಲ್ಲಕ್ಕಾಗಲ್ಲ" ಎಂದು ಹೊರಟರು. ಆ ದಿನ ಅಲ್ಲಿದ್ದ ಗಂಡಸರಲ್ಲಿ ಉಪಯೋಗಕ್ಕೆ ಬರುವ ಮಾತಾಡಿದವರು ಅವರೊಬ್ಬರೇ.

ನಾನು ತೂಗಿದೆ, ಸಂಖ್ಯೆ ಕೂಗಿದೆ, ಟಿಕ್ ಹಾಕಿದೆ. ಅಕ್ಕ ಡಬ್ಬಿ ಎತ್ತಿ ದೊಡ್ಡ ಪೆಟ್ಟಿಗೆಗೆ ಜೋಡಿಸಿದರು. ಕಡಿಮೆ ತೂಗಿದ್ದು ಕೆಂಪು ಕ್ರೇಟಿಗೆ. ಒಂದು ಡಬ್ಬಿ ಹೆಚ್ಚು ತೂಗಿತು, ಅದರಲ್ಲಿ ಮೆಣಸಿನ ಪೊಟ್ಟಣ ಎರಡಿತ್ತು. ಅದೂ ನಾಲ್ಕು. ನನಗೆ ಒಳಗೊಳಗೇ ಖುಷಿ ಏರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಪ್ರತಿ ತಪ್ಪಿಗೂ ನಂಬರನ್ನು ಸ್ವಲ್ಪ ಗಟ್ಟಿಯಾಗಿಯೇ ಓದುತ್ತಿದ್ದೆ.

ನೂರು ದಾಟಿತ್ತು. ಒಂಬೈನೂರ ಹದಿನೈದು ಎಂದು ಕೂಗಿ ಟಿಕ್ ಹಾಕಿದೆ. ಅಕ್ಕ ಆ ಡಬ್ಬಿ ಎತ್ತಿದವರು ಹಾಗೇ ನಿಂತರು. ಕಿವಿ ಹತ್ತಿರ ಒಯ್ದು ಅಲ್ಲಾಡಿಸಿದರು.

"ಇದ್ರಲ್ಲಿ ಏನೋ ಓಡಾಡ್ತಿದೆ."

"ತೂಕ ಸರಿಯಿದೆ ಅಕ್ಕ. ಬೇಗ ಇಡಿ."

"ಸರಿಯಿರ್ಬೋದು. ಮೆಣಸಿಗೆ ಹೀಗೆ ಸದ್ದು ಬರಲ್ಲ."

ಬಿಚ್ಚಿದೆವು. ಮೆಣಸಿರಲಿಲ್ಲ. ಮೆಣಸಿನ ಜಾಗದಲ್ಲಿ ಕಟರು. ಹೆಚ್ಚುಕಮ್ಮಿ ಅಷ್ಟೇ ತೂಕ. ಬ್ಲೇಡು ಒಳಗೆ ಸೇರಿಸಿರಲಿಲ್ಲ. ಎರಡು ಬೆರಳಿನಷ್ಟು ಹೊರಗೆ ಚಾಚಿ, ಪುಡಿಯ ಪೊಟ್ಟಣವನ್ನು ಆಗಲೇ ಅರ್ಧ ಸೀಳಿತ್ತು.

ಯಾರೂ ನಗಲಿಲ್ಲ. ಇಂಥ ಡಬ್ಬಿ ಮನೆಗೆ ಬಂದರೆ ಮೊದಲು ಕೈ ಹಾಕುವುದು ಮಕ್ಕಳು. ಒಳಗಿನ ಹುಲ್ಲಿನಂಥ ಕಾಗದದಲ್ಲಿ ಏನಿದೆ ಅಂತ ಕಣ್ಣು ಮುಚ್ಚಿ ತಡಕುತ್ತಾರೆ. ನಾನು ಆ ಡಬ್ಬಿಗೆ ಟಿಕ್ ಹಾಕಿದ್ದೆ. ಈ ಸಲ ನೋಡಿಯೇ ಹಾಕಿದ್ದೆ.

ಯಜಮಾನರು ಎದ್ದು ಬಂದು ಕಟರನ್ನು ಕೈಗೆ ತೆಗೆದುಕೊಂಡು ಬ್ಲೇಡನ್ನು ನಿಧಾನವಾಗಿ ಒಳಗೆಳೆದರು. "ನಾನು ಬೆಳಿಗ್ಗೆಯಿಂದ ನಿಮ್ಮನ್ನೆಲ್ಲ ಬೈತಾ ಇದ್ದೆ, ಅಲ್ವಾ?" ಎಂದರು. ಅಕ್ಕ, "ಹೌದು ಸರ್" ಎಂದರು, ಇಲ್ಲ ಎನ್ನುವ ದಾಕ್ಷಿಣ್ಯ ತೋರಿಸದೆ.

ತೂಗಿ ಜೋಡಿಸಿದ್ದ ಡಬ್ಬಿಗಳನ್ನೂ ಪೆಟ್ಟಿಗೆಯಿಂದ ತೆಗೆದು ಮತ್ತೆ ಅಲ್ಲಾಡಿಸಿದೆವು. ನಾಲ್ಕನೇ ಮೇಜಿನದ್ದನ್ನು ಪೂರ್ತಿ ಬಿಚ್ಚಿ ನೋಡಿದೆವು. ಬಿಚ್ಚಿದ್ದು ಯಜಮಾನರೇ. ಸ್ನೇಹಿತರಿಗೆ ಮೂಡಿಗೆರೆಯಲ್ಲಿ ಏನೋ ಅರ್ಜೆಂಟು ನೆನಪಾಗಿತ್ತು. ಭಾಯ್ ಐದು ಹತ್ತಕ್ಕೆ ಬಂದು ಹಾರ್ನ್ ಹೊಡೆದಾಗ ಕೊನೆಯ ಪೆಟ್ಟಿಗೆಗೆ ಅಂಟುಪಟ್ಟಿ ಸುತ್ತುತ್ತಿದ್ದೆವು. ಆ ಇನ್ನೂರರಲ್ಲಿ ಒಂದರ ಬಗ್ಗೆಯೂ ದೂರು ಬರಲಿಲ್ಲ. ಹೊಗಳಿಕೆಯೂ ಬರಲಿಲ್ಲ. ಎಲ್ಲ ಸರಿಯಾಗಿ ತಲುಪಿದರೆ ಯಾರೂ ಫೋನು ಮಾಡುವುದಿಲ್ಲ ಎಂಬುದು ಈ ಕೆಲಸದ ಒಂದು ಕೊರತೆ.

ಈಗ ಕಟರುಗಳಿಗೆ ದಾರ ಕಟ್ಟಿ ಮೇಜಿಗೇ ಬಿಗಿದಿದ್ದೇವೆ. ಡಬ್ಬಿ ಮುಚ್ಚುವ ಮೊದಲೇ ಒಬ್ಬರು ಒಳಗೆ ನೋಡುತ್ತಾರೆ, ತೂಕ ಆಮೇಲೆ, ಅಲ್ಲಾಡಿಸುವುದು ಕೊನೆಗೆ.

ಮೊನ್ನೆ ಬೆಳೆಗಾರರ ಸಭೆಯೊಂದರಲ್ಲಿ ಯಜಮಾನರು ಭಾಷಣ ಮಾಡಿದರು. ತಾವು ಹಗಲೂ ರಾತ್ರಿ ಯೋಚಿಸಿ ಕಂಡುಹಿಡಿದ ವಿಧಾನ ಎಂದು ಬಾಟಲಿ, ಹೆಬ್ಬೆರಳು, ತೂಕ ಎಲ್ಲ ವರ್ಣಿಸಿದರು. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಸಣ್ಣ ತೋಟದ ಬೆಳೆಗಾರ್ತಿಯೊಬ್ಬರು ಎದ್ದು ಕೇಳಿದರು: "ತೂಕ ಎಷ್ಟು ಹೆಚ್ಚುಕಮ್ಮಿ ಆದ್ರೆ ಬಿಡ್ತೀರಿ, ಎಷ್ಟಾದ್ರೆ ತಡೀತೀರಿ?"

ಯಜಮಾನರು ನೀರು ಕುಡಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ ಸಭೆಯಲ್ಲಿ ಹುಡುಕಿ ನನ್ನ ಕಡೆ ಕೈ ತೋರಿಸಿ, "ಅದು ನಮ್ಮ ಹುಡುಗಿ ಹೇಳ್ತಾಳೆ" ಎಂದರು. ನನಗೆ ನಲವತ್ತಾರು.

ಎದ್ದು ನಿಂತು ಹೇಳಿದೆ. "ಗಾಜಿನ ಬಾಟಲಿ ಒಂದರ ಹಾಗೆ ಒಂದಿರಲ್ಲ, ಅಂಟುಪಟ್ಟಿನೂ ಒಬ್ಬೊಬ್ಬರು ಒಂದೊಂದು ಥರ ಸುತ್ತುತ್ತಾರೆ. ಅದಕ್ಕೆ ಮೂವತ್ತು ಗ್ರಾಂ ಬಿಡ್ತೀವಿ. ನಿಮ್ಮ ಡಬ್ಬಿಯಲ್ಲಿ ಎಲ್ಲಕ್ಕಿಂತ ಹಗುರವಾದ ವಸ್ತು ಯಾವುದೋ, ಬಿಡೋದು ಅದಕ್ಕಿಂತ ತುಂಬ ಕಮ್ಮಿ ಇರಬೇಕು. ತೂಕ ಸರಿಯಿದೆ ಅಂತ ನಂಬಿ ಕೂರಬೇಡಿ."

ಆ ಹೆಂಗಸು ಮೊಬೈಲಿನಲ್ಲಿ ಬರೆದುಕೊಂಡು, "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ" ಎಂದರು. ವೇದಿಕೆಯ ಮೇಲೆ ಯಜಮಾನರೂ ಜೇಬಿನಿಂದ ಪೆನ್ನು ತೆಗೆದರು.